ಕಾರಣಕ್ಕೂ ಒಂದು ಅಂಕಣ

ಕಾರವಾರದ ಬಂದರಿನ ಪಕ್ಕದಲ್ಲಿರುವ ನಮ್ಮ ಮೀನು ಮಾರಾಟಗಾರರ ಸಂಘದ ಶೆಡ್ಡಿನಲ್ಲಿ ಸಭೆ ಸೇರಿದಾಗ ದೋಣಿ ಮಾಲೀಕರು ಕುರ್ಚಿಗಳಲ್ಲಿ ಕೂರುತ್ತಾರೆ, ಬುಟ್ಟಿ ಹೊತ್ತು ಮಾರುವ ಹೆಂಗಸರು ನೆಲದಲ್ಲಿ. ಇದು ತಪ್ಪೆಂದು ನಾನು ಪ್ರತಿ ಸಭೆಯಲ್ಲೂ ಹೇಳಿದ್ದೇನೆ. ಶೆಡ್ಡಿಗೆ ಶೌಚಾಲಯವಿಲ್ಲದಿರುವುದು ತಪ್ಪು. ಗಂಡಸರ ಮಾತು ಹೆಸರು ಸಹಿತ ನಡಾವಳಿಗೆ ಏರಿ, ಹೆಂಗಸರ ಮಾತು ‘ಕೆಲವು ಸದಸ್ಯೆಯರು’ ಎಂಬಲ್ಲಿಗೆ ಮುಗಿಯುವುದೂ ತಪ್ಪು. ಅಂಕೋಲೆಯ ಶಾಲೆಯೊಂದರಲ್ಲಿ ಬಹುಕಾಲ ಪಾಠ ಮಾಡಿದವಳಾದ್ದರಿಂದ ಇಲ್ಲಿ ಎಲ್ಲರೂ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಸಂಘಕ್ಕೆ ನಾನು ಜೊತೆ ಕಾರ್ಯದರ್ಶಿ.

ಸಂಘದ ಹಿಂದಿನ ಕಾರ್ಯದರ್ಶಿ ನಡಾವಳಿಯನ್ನು ಹಳೆಯ ಕಚೇರಿಯ ಶೈಲಿಯಲ್ಲಿ ಬರೆಯುತ್ತಿದ್ದರು. ಒಂದು ವಿಷಯಕ್ಕೆ ಒಂದೇ ಪ್ಯಾರಾ, ಒಂದು ಪ್ಯಾರಾಕ್ಕೆ ಬಹುಪಾಲು ಒಂದೇ ವಾಕ್ಯ. ‘ಸದರಿ ವಿಷಯವನ್ನು ಸುದೀರ್ಘವಾಗಿ ಚರ್ಚಿಸಲಾಗಿ’ ಎಂದು ಹೊರಟದ್ದು ಪುಟ ತಿರುವಿದ ಮೇಲೆ ‘ಎಂದು ಠರಾಯಿಸಲಾಯಿತು’ ಎಂದು ದಡ ಸೇರುತ್ತಿತ್ತು. ಹೊಸ ಸಮಿತಿಯವರಿಗೆ ಅದರಲ್ಲಿ ಏನನ್ನೂ ಹುಡುಕಲಾಗುತ್ತಿರಲಿಲ್ಲ. ಹಾಗಾಗಿ ಈಗಿನ ಕಾರ್ಯದರ್ಶಿ ಹಳೆಯ ಠರಾವುಗಳನ್ನೆಲ್ಲ ಕೋಷ್ಟಕಕ್ಕೆ ಇಳಿಸಿದ. ಆತ ಮೀನುಗಾರರ ಮನೆಯ ಹುಡುಗ, ಕೈಗಾ ಅಣುಸ್ಥಾವರದಲ್ಲಿ ನೌಕರಿ. ಕಂಪನಿ ಬಸ್ಸಿನಿಂದಿಳಿದು ನೇರವಾಗಿ ಶೆಡ್ಡಿಗೆ ಬರುವವನು. ಕ್ರಮಸಂಖ್ಯೆ, ವಿಷಯ, ತೀರ್ಮಾನ, ಜವಾಬ್ದಾರಿ ಎಂದು ನಾಲ್ಕು ಅಂಕಣ. ಕೋಷ್ಟಕವನ್ನು ಗೋಡೆಗೆ ಅಂಟಿಸಿದ ದಿನ ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ.

ಅದರಲ್ಲೊಂದು ಸಾಲು ಹೀಗಿತ್ತು: ‘ಲಿಲಾವು — ಅವರ್ಸಾ ಬಸ್ಸು ಬಂದ ನಂತರ ಸಣ್ಣ ಮೀನಿನ ಲಿಲಾವು ಆರಂಭಿಸುವುದು — ಕಾರ್ಯದರ್ಶಿ.’ ಲಿಲಾವು ಎಂದರೆ ನಮ್ಮ ಕಡೆಯ ಹರಾಜು. ಬೆಳಗ್ಗೆ ದೋಣಿಗಳು ಬಂದೊಡನೆ ದೊಡ್ಡ ಮೀನು ಹರಾಜಾಗುತ್ತದೆ. ತಾರ್ಲೆ, ಸಣ್ಣ ಬಂಗಡೆ, ಸೆಟ್ಲಿಗಳಂಥ ಸಣ್ಣ ಮೀನಿನ ರಾಶಿ ಮಾತ್ರ ಅವರ್ಸಾ ಊರಿನ ಕಡೆಯ ಹೆಂಗಸರು ಬಸ್ಸಿನಲ್ಲಿ ಬಂದಿಳಿಯುವವರೆಗೆ ಕಾಯುತ್ತದೆ. ಹಾಗೆ ಕಾಯುವುದು ನಮ್ಮ ಶೆಡ್ಡಿನ ರೂಢಿಯೇ ಆಗಿತ್ತು.

ಈ ವರ್ಷ ಆ ಮುಂಜಾನೆಯ ಬಸ್ಸು ನಿಂತಿತು. ಅದನ್ನೇ ನಂಬಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇದನ್ನೂ ನಾನು ತಪ್ಪುಗಳ ಸಾಲಿಗೇ ಸೇರಿಸುತ್ತೇನೆ. ಹೆಂಗಸರು ಸೇರಿಕೊಂಡು ಟೆಂಪೋ ಮಾಡಿ ಬರತೊಡಗಿದರು. ಟೆಂಪೋ ಒಂದಿಷ್ಟು ತಡವಾಗಿ ತಲುಪುತ್ತಿತ್ತು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಒಂದು ಸಾಲು ಬಂತು: ‘ಬಸ್ಸು ನಿಂತಿರುವುದರಿಂದ ಲಿಲಾವಿನ ಠರಾವನ್ನು ರದ್ದುಪಡಿಸುವ ಬಗ್ಗೆ.’

ಅದನ್ನು ಓದಿಸಿಕೊಂಡು ತಿಳಿದ ಅವರ್ಸಾದ ಬಾಯಿ ಆ ಭಾನುವಾರ ಅಂಕೋಲೆಯ ನಮ್ಮ ಮನೆಗೆ ಬಂದಳು. ಮೀನು ಮಾರುವ ಹೆಂಗಸರನ್ನು ನಮ್ಮಲ್ಲಿ ಬಾಯಿ ಎಂದೇ ಕರೆಯುವುದು. ಐವತ್ತು ದಾಟಿದವಳು, ಗದ್ದೆ ಬಯಲಿನ ಮನೆಗಳಿಗೆ ಮೀನು ಹೊತ್ತು ಮಾರುವವಳು.

“ಅಕ್ಕೋರೆ, ಕಾಯೂದು ಬಿಟ್ರೆ ಪಿಕಪ್ ಗಾಡಿ ತರೂ ವ್ಯಾಪಾರದವ್ರು ರಾಶಿರಾಶಿ ಎತ್ಕಂಡು ಹೋತ್ರು. ನಾ ಖಾಲಿ ಬುಟ್ಟಿ ಹೊತ್ಕಂಡು ಅವರ್ಸಾಕ್ಕೆ ಹೋಗೂಕೆ ಟೆಂಪೋ ಮಾಡ್ಬೇಕಾ?”

“ಆ ಠರಾವು ಯಾಕೆ ಆಯಿತು, ಗೊತ್ತೇ?”

“ಗೊತ್ತಿಲ್ದೆ ಏನ್? ಬಸ್ಸಿನ ಮೇಲೆ ಪ್ರೀತಿ ಇತ್ತಂತ ಮಾಡ್ಲಿಲ್ಲ. ನಾವು ಅತ್ತು ಕರ್ದು ಮಾಡ್ಸಿದ್ದು. ಅಂದು ನೀವು ಇರ್ಲಿಲ್ಲ. ಈಗ ಹೇಳೂಕೆ ಹೋದ್ರೆ ಗ್ವಾಡಿ ತೋರಿಸ್ತ್ರು, ಅಲ್ಲಿ ಬಸ್ಸು ಅಂತಷ್ಟೇ ಬರ್ದದೆ ಅಂತ್ರು.”

ಗೋಡೆಯ ಮೇಲಿನ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ತೀರ್ಮಾನವನ್ನು ಉಳಿಸಿಕೊಂಡು ಅದರ ಕಾರಣವನ್ನು ಬಿಟ್ಟಿತ್ತು. ಕಾರಣ ಹೋದ ಮೇಲೆ ಠರಾವು ಬಸ್ಸಿಗಾಗಿಯೇ ಆದದ್ದೆಂದು ಯಾರೂ ಓದಬಹುದಿತ್ತು.

ಮರುದಿನ ಸಂಜೆ ಕಾರ್ಯದರ್ಶಿಯೂ ನಾನೂ ಮೂಲ ನಡಾವಳಿ ತೆರೆದು ಕೂತೆವು. ಆತನಿಗೆ ಬೇಸರವಾಗಿತ್ತು.

“ಕೋಷ್ಟಕ ಅಂದ್ರೆ ಚುಟುಕು ಇರ್ಬೇಕಲ್ರಿ ಅಕ್ಕೋರೆ. ಎಲ್ಲಾ ತುಂಬಿದ್ರೆ ಅದೂ ಪ್ಯಾರಾವೇ ಆತದೆ, ಗೆರೆ ಎಳ್ದ ಪ್ಯಾರಾ.”

ಅವನ ಮಾತಿನಲ್ಲಿ ಹುರುಳಿತ್ತು. ಆದ್ದರಿಂದ ಮೊದಲು ಕೋಷ್ಟಕವನ್ನು ಮುಟ್ಟದೆ ಪ್ಯಾರಾದ ನೆರಳಚ್ಚಿನ ಮೇಲೆ ಪೆನ್ಸಿಲ್ ಆಡಿಸಿದೆವು. ತೀರ್ಮಾನದ ಮಾತಿಗೆ ನೇರ ಗೆರೆ, ಕಾರಣಕ್ಕೆ ಅಲೆಗೆರೆ, ಷರತ್ತಿಗೆ ಚೌಕ, ಒಪ್ಪದವರ ಮಾತಿಗೆ ಅಂಚಿನಲ್ಲಿ ಅಡ್ಡಗುರುತು. ‘ಆದ ಕಾರಣ’, ‘ಆದಾಗ್ಯೂ’, ‘ಒಂದು ವೇಳೆ’ ಎಂಬ ಮಾತುಗಳು ಬಂದಲ್ಲೆಲ್ಲ ನಿಂತು ನೋಡಿದೆವು. ಆ ದೀರ್ಘ ವಾಕ್ಯ ಬಿಚ್ಚಿಕೊಂಡಿತು. ಒಂದೇ ತೀರ್ಮಾನವೆಂದು ತಿಳಿದಿದ್ದಲ್ಲಿ ಮೂರಿದ್ದವು: ಸಣ್ಣ ಮೀನು ಕಾಯಬೇಕು, ದೊಡ್ಡ ಮೀನು ಕಾಯಬೇಕಿಲ್ಲ, ಮಂಜುಗಡ್ಡೆ ಇಲ್ಲದ ದಿನ ಮೀನು ಕೆಡುವಂತಿದ್ದರೆ ಮಾಲೀಕರು ಕಾಯದೆ ಮಾರಬಹುದು. ಮೂರಕ್ಕೂ ಬೇರೆ ಬೇರೆ ಸಾಲು ಕೊಟ್ಟೆವು. ತೀರ್ಮಾನದ ಪಕ್ಕದಲ್ಲೇ ಕಾರಣಕ್ಕೆ ಅಂಕಣ. ಆಮೇಲೆ ಕೈಬಿಟ್ಟ ಸಲಹೆ ಮತ್ತು ಬಿಟ್ಟದ್ದು ಏಕೆ, ಭಿನ್ನಾಭಿಪ್ರಾಯ, ಷರತ್ತು, ಜವಾಬ್ದಾರಿ, ಕೊನೆಗೆ ಮೂಲದ ಪುಟ ಮತ್ತು ಪ್ಯಾರಾ. ಸಹಿಯಾದ ನಡಾವಳಿಯೇ ಅಧಿಕೃತ, ಕೋಷ್ಟಕ ಅದಕ್ಕೆ ದಾರಿ ತೋರುವುದಕ್ಕೆ ಮಾತ್ರ ಎಂದು ತಲೆಬರಹದ ಕೆಳಗೆ ಬರೆದೆವು.

ಕಾರಣದ ಅಂಕಣವನ್ನು ನಾನೇ ತುಂಬಿದೆ. ಆತ ಓದಿ ನಕ್ಕುಬಿಟ್ಟ.

“‘ಬಲಾಢ್ಯ ವರ್ತಕರ ಶೋಷಣೆಯಿಂದ ಶ್ರಮಜೀವಿ ಮಹಿಳೆಯರನ್ನು ರಕ್ಷಿಸುವ ಸಲುವಾಗಿ.’ ಇದು ಯಾವ ಪುಟದಲ್ಲಿ ಅದೆ, ಅಕ್ಕೋರೆ?”

“ಸತ್ಯವಲ್ಲವೇ?”

“ಸತ್ಯ ಇರಬಹುದು. ಪುಟದಲ್ಲಿ ಇಲ್ಲ. ನಾ ನಾಳೆ ‘ದೋಣಿಯವ್ರ ಉದಾರತೆಯಿಂದ’ ಅಂತ ಬರೀಲಾ?”

ನಾನು ಅಳಿಸಿದೆ. ನಡಾವಳಿಯಲ್ಲಿದ್ದದ್ದು ಇಷ್ಟು: ಸ್ವಂತ ವಾಹನವಿಲ್ಲದ ಸದಸ್ಯೆಯರು ತಲುಪುವ ಮೊದಲೇ ಸಣ್ಣ ಮೀನು ಮುಗಿದುಹೋಗುತ್ತಿರುವುದರಿಂದ, ಅವರಿಗೂ ಸವಾಲು ಕೂಗುವ ಅವಕಾಶ ಸಿಗಬೇಕು. ಅದನ್ನೇ ಬರೆದೆ. ನನ್ನ ಘೋಷಣೆಗಿಂತ ಅದು ಹೆಚ್ಚು ಹೇಳುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಕಾರಣ ಎರಡು ವಾಕ್ಯ ಮೀರಬಾರದು, ಮೂಲದಲ್ಲಿಲ್ಲದ್ದು ಬರಬಾರದು; ಕಾರಣವೇ ಬರೆಯದ ಠರಾವಿದ್ದರೆ ಊಹಿಸದೆ ‘ದಾಖಲಾಗಿಲ್ಲ’ ಎನ್ನಬೇಕು. ಹಳೆಯ ಠರಾವುಗಳಲ್ಲಿ ‘ದಾಖಲಾಗಿಲ್ಲ’ ಎಂಬ ಮಾತನ್ನು ಎಷ್ಟೋ ಸಲ ಬರೆಯಬೇಕಾಯಿತು. ಅದೂ ಒಂದು ಬಗೆಯ ಅನ್ಯಾಯವೇ.

ಭಿನ್ನಾಭಿಪ್ರಾಯದ ಅಂಕಣ ನನಗೆ ಅಷ್ಟಾಗಿ ಬೇಕಿರಲಿಲ್ಲ. ಕಾದರೆ ಮೀನು ಮೆತ್ತಗಾಗಿ ಬೆಲೆ ಇಳಿಯುತ್ತದೆಂದು ಮಾಲೀಕರು ಅಂದು ಆಕ್ಷೇಪಿಸಿದ್ದರು. ಎದುರಾಳಿಯ ಕೈಗೆ ನಾವೇ ಕೋಲು ಕೊಟ್ಟಂತಾಗುವುದಿಲ್ಲವೇ ಎಂದೆ. ಕಾರ್ಯದರ್ಶಿ ಅದನ್ನು ಪೂರ್ತಿ ಬರೆದ.

ಸಭೆಯ ದಿನ ಅಧ್ಯಕ್ಷರು ನೇರವಾಗಿ ವಿಷಯಕ್ಕೆ ಬಂದರು. ಅವರಿಗೆ ಎರಡು ದೋಣಿ. ಮನಸ್ಸು ಕೆಟ್ಟದ್ದಲ್ಲ, ತಾಳ್ಮೆ ಕಡಿಮೆ.

“ಬಸ್ಸೇ ಇಲ್ಲ, ಇನ್ನು ಯಾರಿಗೆ ಕಾಯೂದು? ಬಸ್ ಸ್ಟಾಪಿಗೆ ಹೂ ಹಾಕಿ ಬರ್ಬೇಕಾ?”

ಕುರ್ಚಿಗಳೆಲ್ಲ ನಕ್ಕವು. ನೆಲದಿಂದ ಅವರ್ಸಾದ ಬಾಯಿ ಕೇಳಿದಳು: “ಅಣ್ಣಾ, ಅಂದು ನಿಮ್ಗೆ ಬಸ್ಸು ತಾರ್ಲೆ ತಕಂಡಿತ್ತಾ, ನಾವು ತಕಂಡಿದ್ವಾ?”

ಈ ಸಲ ನೆಲ ನಕ್ಕಿತು. ಕಾರ್ಯದರ್ಶಿ ಹೊಸ ಕೋಷ್ಟಕದ ಸಾಲನ್ನು ಗಟ್ಟಿಯಾಗಿ ಓದಿದ. ಪುಟ ಮತ್ತು ಪ್ಯಾರಾ ಹೇಳಿ ಮೂಲವನ್ನೂ ಅಧ್ಯಕ್ಷರ ಮುಂದಿಟ್ಟ. ಅವರು ಕನ್ನಡಕ ಏರಿಸಿ ಪ್ಯಾರಾವನ್ನು ಓದಿದರು, ಕೆಳಗಿದ್ದ ತಮ್ಮದೇ ಸಹಿಯನ್ನೂ ನೋಡಿದರು.

“ಆಯ್ತು, ಕಾರಣ ಬಸ್ಸಲ್ಲ, ಒಪ್ದೆ. ಹಂಗಾದ್ರೆ ಒಂದು ಮಾಡುವಾ. ಹೆಂಗಸ್ರಿಗೆ ಅಂತ ಒಂದು ಪಾಲು ತೆಗ್ದು ಇಡುವಾ. ಅವ್ರು ಯಾವಾಗಾದ್ರೂ ಬರ್ಲಿ. ಲಿಲಾವು ಅದರ ಪಾಡಿಗೆ ನಡೀಲಿ.”

ಕೇಳಲು ಎಷ್ಟು ನ್ಯಾಯವಾಗಿತ್ತೆಂದರೆ, ನಾನೇ ಸರಿ ಎನ್ನಲು ಬಾಯಿ ತೆರೆದಿದ್ದೆ. ಕಾರ್ಯದರ್ಶಿಯ ಬೆರಳು ಮುಂದಿನ ಅಂಕಣಕ್ಕೆ ಸರಿಯಿತು. “ಈ ಸಲಹೆ ಅಂದೂ ಬಂದಿತ್ತು. ‘ಪಾಲು ತೆಗೆದಿಟ್ಟರೆ ಉಳಿದ ಮೀನೇ ಪಾಲಾಗಿ ಬರುವುದು, ಬೆಲೆಯೂ ತಮ್ಮ ಕೈಯಲ್ಲಿರದು ಎಂದು ಸದಸ್ಯೆಯರು ತಿಳಿಸಿದ್ದರಿಂದ ಕೈಬಿಡಲಾಯಿತು.’”

“ಅದೇ ಅಣ್ಣಾ,” ಎಂದಳು ಅವರ್ಸಾದ ಬಾಯಿ, “ಹೊಟ್ಟೆ ಒಡ್ದ ತಾರ್ಲೆ ನಮ್ ಪಾಲಿಗೆ ಬತ್ತದೆ. ನಮ್ಗೆ ಪಾಲು ಬ್ಯಾಡ. ಕೂಗೂಕೆ ಬಿಡಿ, ಸಾಕು.”

ಕುರ್ಚಿಯಲ್ಲಿದ್ದ ಇನ್ನೊಬ್ಬ ಮಾಲೀಕ ಸಿಡುಕಿದ: “ನಮ್ ಮೀನು ಕೊಳೀಲಿ, ನೀವು ಟೆಂಪೋದಲ್ಲಿ ಹಾಡು ಹೇಳ್ಕಂಡು ಬನ್ನಿ!”

ಆಗ ನನಗೆ ಬೇಡವೆನಿಸಿದ್ದ ಅಂಕಣವೇ ಉಪಯೋಗಕ್ಕೆ ಬಂತು. ಆತ ಅಂದು ಎತ್ತಿದ್ದ ಆಕ್ಷೇಪ ಅಲ್ಲಿ ಅಚ್ಚಾಗಿತ್ತು. ಅದರ ಮುಂದೆ ಮಂಜುಗಡ್ಡೆಯ ಷರತ್ತೂ ಇತ್ತು. ತನ್ನ ಮಾತು ತನ್ನದೇ ಶಬ್ದಗಳಲ್ಲಿ ಉಳಿದಿರುವುದನ್ನು ಕಂಡು ಆತನ ದನಿ ಇಳಿಯಿತು. ಈಗ ಜಗಳ ಕಾಯಬೇಕೋ ಬೇಡವೋ ಎಂಬುದಾಗಿರಲಿಲ್ಲ. ಕಾಯುವಷ್ಟು ಹೊತ್ತು ಮೀನನ್ನು ತಂಪಾಗಿಡುವುದು ಹೇಗೆ ಎಂಬುದಾಗಿತ್ತು. ಸಂಘದ ಐಸ್ ಪೆಟ್ಟಿಗೆಗಳಲ್ಲಿ ಎರಡನ್ನು ಸಣ್ಣ ಮೀನಿಗೆ ಬಿಡುವುದೆಂದಾಯಿತು. ಟೆಂಪೋ ಕೆಟ್ಟರೆ ಹೆಂಗಸರು ಫೋನು ಮಾಡಿ ತಿಳಿಸಬೇಕು. ಆ ದಿನ ಅವರಿಗಾಗಿ ಕಾಯುವುದಿಲ್ಲ. ಈ ಷರತ್ತು ನನಗೆ ಹಿಡಿಸಲಿಲ್ಲ. ಅವರ್ಸಾದ ಬಾಯಿಯೇ ಒಪ್ಪಿದಳು.

ಠರಾವಿಗೆ ಕೈ ಎತ್ತುವ ಮೊದಲು ಅಧ್ಯಕ್ಷರು ತಡೆದರು. “ತಮಾ, ಕಾರಣ ಮೊದ್ಲು ಬರಿ. ಬಸ್ಸು ಅಂತ್ಲೂ ಬರೀಬ್ಯಾಡ, ಟೆಂಪೋ ಅಂತ್ಲೂ ಬರೀಬ್ಯಾಡ. ಮುಂದೆ ಇವ್ರು ವಿಮಾನದಲ್ಲಿ ಬರೂಕೂ ಸಾಕು.”

ಕಾರ್ಯದರ್ಶಿ ಹಳೆಯ ಕಾರಣವನ್ನೇ ಮೊದಲು ಬರೆದು, ತೀರ್ಮಾನವನ್ನು ಓದಿದ: ‘ಸ್ವಂತ ವಾಹನವಿಲ್ಲದ ಸದಸ್ಯೆಯರು ಬಂದು ಸೇರಿದ ನಂತರ ಸಣ್ಣ ಮೀನಿನ ಲಿಲಾವು.’ ಮಾತಾಡಿದವರ ಹೆಸರು ಕೇಳಿ ಬರೆದುಕೊಳ್ಳುವಾಗ ಅವರ್ಸಾದ ಬಾಯಿ ತನ್ನ ಹೆಸರನ್ನು ಎರಡು ಸಲ ಹೇಳಿದಳು; ಆತ ಎರಡನೆಯ ಸಲ ಅಕ್ಷರ ಅಕ್ಷರವಾಗಿ ತಿದ್ದಿಕೊಂಡ.

ಕುರ್ಚಿಯ ತಪ್ಪು ಇನ್ನೂ ಹಾಗೇ ಇದೆ, ಶೌಚಾಲಯದ್ದೂ. ಅವು ಈಗ ಕೋಷ್ಟಕದಲ್ಲಿ ‘ಬಾಕಿ’ ಎಂದಿವೆ, ಎದುರಿಗೆ ಜವಾಬ್ದಾರರ ಹೆಸರಿದೆ. ಅದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಆ ವಾರವೇ ಒಂದು ಬೆಳಗ್ಗೆ ಶೆಡ್ಡಿಗೆ ಹೋದಾಗ ಪಿಕಪ್ಪಿನವನೊಬ್ಬ ಗಡಿಯಾರ ನೋಡುತ್ತ ಗೊಣಗುತ್ತಿದ್ದ. ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ತಾರ್ಲೆಗಳು ಇನ್ನೂ ಮಿರುಗುತ್ತಿದ್ದವು. ಟೆಂಪೋ ಬಂತು. ಹೆಂಗಸರು ಇಳಿದು ಸೆರಗು ಬಿಗಿದು ರಾಶಿಯ ಸುತ್ತ ನಿಂತರು. ಪಿಕಪ್ಪಿನವ ಕೂಗಿದ ಬೆಲೆಯ ಮೇಲೆ ಅವರ್ಸಾದ ಬಾಯಿ ಕೂಗಿದಳು. ಅವ ಮತ್ತೆ ಏರಿಸಿದ, ಅವಳೂ ಏರಿಸಿದಳು.

“ಬಿಡ್ತಿಲ್ಯಾ ಬಾಯಿ?” ಎಂದ ಅವ.

“ಬಿಡೂಕೆ ಇಷ್ಟು ದೂರ ಬಂದದ್ದಾ?” ಎಂದು ಅವಳು ಬುಟ್ಟಿಯನ್ನು ರಾಶಿಯ ಪಕ್ಕಕ್ಕೆ ಒತ್ತಿದಳು.