ಬಾವಿಯಿಂದ ಬಂದ ಬೀಗ

ಕನ್ನಡನಾಡು ಒಂದಾದ ವರ್ಷ ಬೆಟಗೇರಿಯ ನಮ್ಮ ಮನೆಯ ಮುಂಭಾಗದ ಸೀರೆ ಅಂಗಡಿಯಲ್ಲಿ ಕಳವಾಯಿತು. ಬೆಳಿಗ್ಗೆ ಮೊದಲು ಎದ್ದ ಅಜ್ಜಿ, ಮುರಿದ ಬೀಗ ಅಪಶಕುನವೆಂದು ಅದನ್ನು ಯಾರಿಗೂ ಹೇಳದೆ ಹಿತ್ತಲ ಬಾವಿಗೆ ಎಸೆದುಬಿಟ್ಟಿದ್ದಳು. ಬೀಗ ಒಡೆದ ಗುರುತೇ ಇಲ್ಲವೆಂದು ವಿಮಾ ಕಂಪನಿ ಅಪ್ಪನ ಕ್ಲೇಮು ಮುಚ್ಚಿತು. ಕಳ್ಳರಿಗಿಂತ ಕಂಪನಿಯ ಮೇಲೇ ನನಗೆ ಸಿಟ್ಟು.

ಮುಂದಿನ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸಿದಾಗ ಕಿಲುಬು ಹಿಡಿದ ಹಿತ್ತಾಳೆ ಬೀಗ ಮೇಲೆ ಬಂತು. ಕೊಂಡಿಯನ್ನು ಗರಗಸದಿಂದ ಕೊಯ್ದದ್ದು ಎದ್ದು ಕಾಣುತ್ತಿತ್ತು. ಅಪ್ಪನ ಉಡಿದಾರದಲ್ಲಿದ್ದ ಕೀಲಿಕೈ ಮೇಲಿನ ನಂಬರೇ ಬೀಗದ ಮೇಲೂ ಇತ್ತು.

“ಮೊದಲ ಯಾಕ ಹೇಳಲಿಲ್ಲವ್ವಾ?” ಎಂದ ಅಪ್ಪ.

“ನನ್ನ ಯಾರ ಕೇಳಿದ್ರಿ?” ಎಂದಳು ಅಜ್ಜಿ.

ಅಪ್ಪ ಅಂದೇ ನನ್ನಿಂದ ಕಂಪನಿಗೆ ಪತ್ರ ಬರೆಸಿದ. ಹೊಸ ಪುರಾವೆ ಸಿಕ್ಕಿದೆ, ಮುಚ್ಚಿದ ಕ್ಲೇಮನ್ನು ಮತ್ತೆ ತೆರೆದು ಬೀಗ ನೋಡಲು ಸರ್ವೇಯರರನ್ನು ಕಳಿಸಬೇಕು ಎಂದು ಬರೆದೆ.

“ಬಾವಿಗೆ ಒಗದಾಕಿ ನಾನ ಅಂತ ಬರಿ. ಹೆದರಿಕಿ ಏನೈತಿ?” ಎಂದು ಅಜ್ಜಿ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಕ್ಲೇಮನ್ನು ಮತ್ತೆ ಪರಿಶೀಲಿಸುತ್ತೇವೆ, ಸರ್ವೇಯರ್ ಬರುತ್ತಾರೆ ಎಂದು ಉತ್ತರ ಬಂತು. ಅವರು ಬರುವ ಬೆಳಿಗ್ಗೆ ನೋಡಿದರೆ, ಅಜ್ಜಿ ಹುಣಸೆಹಣ್ಣು ಹಿಡಿದು ಬೀಗದ ಮುಂದೆ ಕುಳಿತಿದ್ದಾಳೆ!

“ಅವ್ವಾ, ತಿಕ್ಕಬ್ಯಾಡ!” ಅಪ್ಪ ಚೀರಿದ.

“ಮನಿಗೆ ಮಂದಿ ಬರೂ ಹೊತ್ತಿಗೆ ಇಷ್ಟು ಹೊಲಸ ಇಟ್ಟು ತೋರಸ್ತಿಯೇನಲೇ?”