ಸ್ಟೆತಾಸ್ಕೋಪಿನೊಳಗಿನ ಶಿಳ್ಳೆ

ಬಾದನಹಟ್ಟಿಯ ಆರೋಗ್ಯ ಉಪಕೇಂದ್ರದಲ್ಲಿ ನಾನು ನರ್ಸ್. ಅಂದು ತುಂಬು ಗರ್ಭಿಣಿಯೊಬ್ಬಳ ಬಿಪಿ ನೋಡಲು ಸ್ಟೆತಾಸ್ಕೋಪ್ ಕಿವಿಗಿಟ್ಟರೆ ಬರೀ ಸಣ್ಣ ಶಿಳ್ಳೆ ಕೇಳಿತು. ಕೆಲವು ತಿಂಗಳಿಂದ ಮನೆಯಲ್ಲಿ ಕೇಳುತ್ತಿದ್ದ ಸದ್ದೇ ಅದು. ಫ್ರಿಜ್ಜಿನದೆಂದು ಪ್ಲಗ್ ಕಿತ್ತಿದ್ದೆ, ಫ್ಯಾನ್ ಆರಿಸಿದ್ದೆ. ಮನೆ ನಿಶ್ಶಬ್ದವಾದಷ್ಟೂ ಅದು ಜೋರಾಗಿತ್ತು. ಕೆಲಸಕ್ಕೆ ಅಡ್ಡ ಬಂದದ್ದು ಮಾತ್ರ ಇದೇ ಮೊದಲು.

ಬಿಪಿ ಯಂತ್ರದ ಮುಳ್ಳು ಇಳಿಯುತ್ತಿತ್ತು. ನಾಡಿಯ ಬಡಿತ ಎಲ್ಲಿ ಶುರುವಾಯಿತೆಂದು ತಿಳಿಯಲಿಲ್ಲ. ತೋಳಿನ ಪಟ್ಟಿಗೆ ಮತ್ತೆ ಗಾಳಿ ತುಂಬಿದೆ.

"ಯಾಕ್ರಿ ಅಕ್ಕಾ, ಬಿಪಿ ಜಾಸ್ತಿ ಐತೇನು?" ಗರ್ಭಿಣಿ ಹೆದರಿ ಕೇಳಿದಳು.

ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆ, "ಮಶೀನ್ ಹಚ್ಚಿ ನೋಡೂನು ತಡೀರಿ" ಎಂದು ಡಿಜಿಟಲ್ ಯಂತ್ರ ತಂದಳು. ಬಿಪಿ ಹೆಚ್ಚಿತ್ತು. ಗರ್ಭಿಣಿಯನ್ನು ಕೂಡಲೇ ಕುರುಗೋಡು ಆಸ್ಪತ್ರೆಗೆ ಕಳಿಸಿದೆವು. ತಾಯಿ ಮಗು ಇಬ್ಬರೂ ಉಳಿದರು. ನನಗೆ ಮಾತ್ರ ಆ ವಾರವೆಲ್ಲ ಅನ್ನ ಸೇರಲಿಲ್ಲ. ಅಂದು ಅಂದಾಜಿನ ಮೇಲೆ ಒಂದು ಅಂಕಿ ಬರೆದು ಮನೆಗೆ ಕಳಿಸಿಬಿಟ್ಟಿದ್ದರೆ?

ಬಳ್ಳಾರಿಯ ಕಿವಿ ಡಾಕ್ಟರ ಬಳಿ ಹೋದೆ.

"ಒಂದ ಕಿವ್ಯಾಗೋ, ಎರಡರಾಗೂನೋ? ಎದಿ ಬಡಿತದ ಜೋಡಿ ಬಡದಂಗ ಕೇಳ್ತೈತೇನು? ತಲಿ ತಿರಗತೈತಾ?"

ಎರಡೂ ಕಿವಿಯಲ್ಲಿ, ಒಂದೇ ಸಮ ಕುಯ್ ಎನ್ನುತ್ತದೆ, ತಲೆ ತಿರುಗುವುದಿಲ್ಲ ಎಂದೆ. ನೋವಿನ ಮಾತ್ರೆ ಹೆಚ್ಚು ನುಂಗುತ್ತೀರಾ, ಅದರಿಂದಲೂ ಕಿವಿಯಲ್ಲಿ ಸದ್ದು ಬರುವುದುಂಟು ಎಂದರು, ಇಲ್ಲ ಎಂದೆ. ಎಡಗಿವಿಯ ಗುಗ್ಗೆ ತೆಗೆದರು. ಶಿಳ್ಳೆ ಹಾಗೇ ಇತ್ತು. ಸಣ್ಣ ಕೋಣೆಯಲ್ಲಿ ಕೂರಿಸಿ ಮಾಡಿದ ಪರೀಕ್ಷೆಯಲ್ಲಿ ತೀರ ಕೀಚಲು ಸ್ವರಗಳು ನನಗೆ ಕೇಳಿಸಲೇ ಇಲ್ಲ.

"ಸಣ್ಣಾಕಿದ್ದಾಗ ದೊಡ್ಡ ಸಪ್ಪಳದಾಗ ಕೆಲಸ ಮಾಡೀರೇನು?"

ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಅಪ್ಪನ ಹಿಟ್ಟಿನ ಗಿರಣಿ ಇತ್ತು. ಮದುವೆಯವರೆಗೂ ನಾನೇ ಅದರ ಮುಂದೆ ನಿಂತು ಕಾಳು ಸುರಿದವಳು.

"ಅಲ್ಲೇ ಒಳಗಿವಿ ಸವದಿರಬೇಕು. ವಯಸ್ಸೂ ಕೂಡೈತಿ. ಹೊರಗಿನ ಸದ್ದು ಕಮ್ಮಿ ಆದಾಗ ಮೆದುಳು ತಾನ ವಾಲ್ಯೂಮ್ ಏರಿಸ್ತೈತಿ ಅಂತ ತಿಳ್ಕೋರಿ. ಪೂರಾ ಹೋಗ್ತೈತಿ ಅಂತ ಮಾತು ಕೊಡಾಕ ಬರಂಗಿಲ್ಲ."

"ನನ್ನ ಕೆಲಸಾರೀ?"

"ನಾಡಿ ಬಡಿತ ದಪ್ಪ ದನಿ, ನಿಮಗ ಕಮ್ಮಿ ಕೇಳೂದು ಸಣ್ಣ ದನಿ. ಅಂಜಿ ಆ ಶಿಳ್ಳಿ ಕಡೇನ ಕಿವಿ ಕೊಟ್ಟೀರಿ. ಅನುಮಾನ ಬಂದ್ರ ಮಶೀನ್ ನಂಬ್ರಿ."

ಕಿವಿಗೆ ಪುಟ್ಟ ಶ್ರವಣಯಂತ್ರ ಬಂತು. ಹೊರಗಿನ ಮಾತು ಒಳಬಂದಂತೆ ಶಿಳ್ಳೆ ಹಿಂದೆ ಸರಿಯಿತು. ಮಲಗುವಾಗ ಯಂತ್ರ ತೆಗೆದಿಟ್ಟು, ಶಿಳ್ಳೆಗಿಂತ ತುಸು ಕೆಳಗಿನ ದನಿಯಲ್ಲಿ ರೇಡಿಯೊ ಹಚ್ಚುತ್ತೇನೆ. ಬ್ಯಾಂಡು ಬಾರಿಸುವ ಮದುವೆಗೆ ಕಿವಿಗೆ ಬಿರಡೆ. ಉಳಿದಂತೆ ಕಿವಿ ಮುಚ್ಚಿಕೊಂಡು ಕೂರುವುದಿಲ್ಲ. ಎದ್ದ ಕೂಡಲೇ 'ಇದೆಯಾ?' ಎಂದು ಹುಡುಕುವ ಚಟ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಮೇಲಿನ ವೈದ್ಯಾಧಿಕಾರಿಗೆ ನನ್ನ ಕಿವಿಯ ವಿಷಯ ನಾನೇ ಹೇಳಿದೆ. ಈಗ ಗರ್ಭಿಣಿಯರ ಬಿಪಿಯನ್ನು ಎರಡೂ ಬಗೆಯಲ್ಲಿ ನೋಡುತ್ತೇನೆ. ಅಂಕಿಗಳು ಹೊಂದದಿದ್ದರೆ ಮೂರನೆಯ ಸಲ ನೋಡುತ್ತೇನೆ. ಲಸಿಕೆಯ ದಿನ ಕೂಸುಗಳ ಅಳುವಿನ ನಡುವೆ ಶಿಳ್ಳೆ ನೆನಪಿಗೇ ಬರುವುದಿಲ್ಲ. ಅವೆಲ್ಲ ಹೋಗಿ ಕೋಣೆ ನಿಶ್ಶಬ್ದವಾದ ಮೇಲೆ ಆಶಾ ಕಾರ್ಯಕರ್ತೆ ಫ್ಯಾನ್ ಆರಿಸಲು ಕೈ ಎತ್ತುತ್ತಾಳೆ. "ಇರ್ಲಿ ಬಿಡವಾ" ಎನ್ನುತ್ತೇನೆ.