ಬುಡನ್ ಸಾಬರ ಭೀಮನೂ ಮುರಿದ ಕಿವಿಯೂ

ದಾವಣಗೆರೆಯ ಹಳೇ ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ ಬುಡನ್ ಸಾಬರಿಗೆ ಬರುತ್ತಿದ್ದದ್ದು ಒಂದೇ ಮುಖ. ಹರಿಹರದಲ್ಲಿ ಹುಟ್ಟಿ ಬೆಳೆದ ಅವರು ಕುಂಚ ಹಿಡಿಯಲು ಕಲಿತದ್ದು ಅಲ್ಲಿಯ ಗರಡಿಮನೆಯ ಗೋಡೆಯ ಮೇಲೆ. ಎದುರಿಗೆ ನಿಂತು ಮುಖ ಕೊಟ್ಟವರು ಗರಡಿಯ ಉಸ್ತಾದ್ ಸಣ್ಣಬೀರಪ್ಪ. ಅಂದಿನಿಂದ ಸಾಬರು ಯಾವ ಬಲಶಾಲಿಯನ್ನು ಬರೆದರೂ ಅವನು ಸಣ್ಣಬೀರಪ್ಪನಾಗಿಯೇ ಹೊರಬರುತ್ತಿದ್ದ. ನಾಟಕದ ಕಂಪನಿಯವರು ರಾವಣನನ್ನು ಬರೆಸಿದಾಗ ಹತ್ತು ಸಣ್ಣಬೀರಪ್ಪಂದಿರು ಸಾಲಾಗಿ ಮೀಸೆ ತಿರುವಿದ್ದರು. ಬರೆಯುವವರಿಗೆಲ್ಲ ಇರುವ ರೋಗವೇ ಇದು. ನಾವೂ ಒಂದೇ ಕಥೆಯನ್ನು ಹೆಸರು ಬದಲಿಸಿ ಜೀವನವಿಡೀ ಬರೆಯುತ್ತಿರುತ್ತೇವೆ, ಹಿಡಿಯುವವರು ಕಡಿಮೆ ಅಷ್ಟೆ.

ಇನ್ನೊಂದು ಪದ್ಧತಿಯೂ ಸಾಬರಿಗಿತ್ತು. ಬರೆದ ಪ್ರತಿಯೊಂದರ ಕೆಳಗೂ, ಅದು ಹತ್ತಿ ಮಂಡಿಯ ಬೋರ್ಡಾಗಲಿ, ಎಣ್ಣೆ ಗಾಣದ ಬಾಗಿಲಾಗಲಿ, ‘ಬುಡನ್ ಆರ್ಟ್ಸ್, ದಾವಣಗೆರೆ’ ಎಂದು ಹಾಕದೆ ಅವರು ಏಣಿ ಇಳಿದವರಲ್ಲ.

“ಇನ್ನೊಬ್ರ ಅಂಗಡಿ ಮ್ಯಾಲೆ ನಿಮ್ಮ ಹೆಸರ್ಯಾಕ್ರಿ?” ಎಂದು ಹೆಂಡತಿ ಅಮೀನಾಬೀ ಕೇಳಿದ್ದುಂಟು.

“ಹೆತ್ತ ಮಗೂಗೆ ಅಪ್ಪನ ಹೆಸರು ಬ್ಯಾಡೇನು?” ಎನ್ನುತ್ತಿದ್ದರು ಸಾಬರು.

“ಸೊಟ್ಟ ಹುಟ್ಟಿದ್ರೂ?”

“ಸೊಟ್ಟ ಹುಟ್ಟಿದ್ರೆ ಇನ್ನೂ ದೊಡ್ಡಕ್ಷರದಾಗೆ ಹಾಕ್ಬೇಕು.”

ಆಗ ಇದು ಬರೀ ಮಾತಾಗಿತ್ತು. ಐವತ್ತೆಂಟನೇ ಇಸವಿಯಲ್ಲಿ ಅದನ್ನು ನಡೆಸಿ ತೋರಿಸುವ ಪಾಳಿ ಬಂತು.

ಆ ವರ್ಷ ಮಂಡಕ್ಕಿ ಭಟ್ಟಿಯ ಶಿವಯೋಗಪ್ಪನವರು ಹೊಸ ತಿಂಡಿ ಹೊರಡಿಸಿದರು. ಮಂಡಕ್ಕಿ, ಬೆಲ್ಲ, ಒಂದಿಷ್ಟು ಶೇಂಗಾ ಸೇರಿಸಿ ಕಟ್ಟಿದ ಉಂಡೆ. ಮನೆಮನೆಯಲ್ಲೂ ಅವ್ವಂದಿರು ಕಟ್ಟುತ್ತಿದ್ದದ್ದೇ. ಇದಕ್ಕೆ ಬಣ್ಣದ ಕಾಗದ ಸುತ್ತಿ ‘ಭೀಮನುಂಡೆ’ ಎಂದು ಹೆಸರಿಟ್ಟಿದ್ದರು. ದಾವಣಗೆರೆಯಿಂದ ಹರಿಹರದವರೆಗೆ ನಲವತ್ತು ಗೋಡೆಗಳ ಮೇಲೆ ಬರೆಯುವ ಕೆಲಸ ಬುಡನ್ ಸಾಬರಿಗೆ ಸಿಕ್ಕಿತು. ನಲವತ್ತು ಗೋಡೆ ಎಂದರೆ ವರ್ಷದ ಗಂಜಿ. ಸಾಬರು ಆವತ್ತು ಟೋಪಿಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಮನೆಗೆ ಹೋದರು.

ಬರೆಯಬೇಕಾದ ಮಾತನ್ನು ಶಿವಯೋಗಪ್ಪನವರೇ ಹೇಳಿದ್ದರು: ‘ದಿನಕ್ಕೊಂದು ಭೀಮನುಂಡೆ, ತಿಂಗಳಿಗೆ ಪೈಲ್ವಾನ್!’ ಪಕ್ಕದಲ್ಲಿ ಉಂಡೆ ಹಿಡಿದ ಭೀಮ. ಹತ್ತು ಉಂಡೆಯ ಕಾಗದ ಕೂಡಿಸಿದ ಹುಡುಗರಿಗೆ ತಗಡಿನ ಗದೆ ಇನಾಮು.

ಇಷ್ಟರಲ್ಲಿ ನಿಂತಿದ್ದರೆ ಪಾಪವೆಲ್ಲ ಸಾವ್ಕಾರರದೇ ಎನ್ನಬಹುದಿತ್ತು. ಆದರೆ ಸಾಬರಿಗೆ ಕಸುಬಿನ ಉಮೇದು ಜಾಸ್ತಿ. ಎರಡು ಉಪಾಯ ಅವರದೇ. ಒಂದು, ಸಾಲೆಯ ಹತ್ತಿರದ ಗೋಡೆಗಳಲ್ಲಿ ಅಕ್ಷರವನ್ನು ನೆಲದಿಂದ ಮೂರೂವರೆ ಅಡಿ ಎತ್ತರಕ್ಕೇ ಬರೆಯುವುದು. ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ, ಮಕ್ಕಳ ಮೂಗಿಗೇ ತಾಕುತ್ತದೆ. ಇನ್ನೊಂದು, ಸಾಲೆ ಬಿಡುವ ಗಂಟೆಗೆ ಸರಿಯಾಗಿ ಜಟಕಾ ನಿಲ್ಲಿಸಿ, ತಗಡಿನ ಭೋಂಗಾದಲ್ಲಿ ಕೂಗುವುದು:

“ಅವ್ವ ಕೊಡಿಸ್ಲಿಲ್ಲಾ ಅಂದ್ರೆ ರೊಟ್ಟಿ ಮುಟ್ಟಬ್ಯಾಡ್ರಿ! ಅಪ್ಪ ಬೈದ್ರೆ ಹೊಸ್ತಿಲ ಮ್ಯಾಲೆ ಕೂಡ್ರಿ! ಭೀಮನುಂಡೆ ಕೊಡಿಸೋ ತನಕ ಏಳಬ್ಯಾಡ್ರಿ!”

ಮಕ್ಕಳು ಕೇಕೆ ಹಾಕಿದರು. ಸಾಬರು ಹಿಗ್ಗಿದರು. ಹನ್ನೆರಡು ಗೋಡೆ ಮುಗಿಯುವುದರೊಳಗೆ ಶಿವಯೋಗಪ್ಪನವರು ಇನ್ನೊಂದು ಬಾಣಲೆ ಏರಿಸಿದರು.

ಹರಿಹರದ ಸಾಲೆಯ ಎದುರಿನ ಗೋಡೆ ಹನ್ನೆರಡನೆಯದು. ಅಲ್ಲಿ ಬಣ್ಣ ಎದ್ದಿದೆ ಎಂಬ ಸುದ್ದಿ ಬಂದು, ಡಬ್ಬಿ ಹಿಡಿದು ಬೆಳಗಿನ ರೈಲಿಗೆ ಹೋದ ಸಾಬರು ಗೋಡೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಭೀಮನ ಮೀಸೆ ತಿದ್ದುತ್ತಿದ್ದರು. ಅಲ್ಲೇ ಸೊಪ್ಪು ಮಾರುತ್ತಿದ್ದ ಉಡಚಮ್ಮ ಬುಟ್ಟಿ ಬಿಟ್ಟು ಎದ್ದು ಬಂದಳು.

“ಈ ಕೆಳಗೆ ಬರದೈತಲ್ಲ, ಬುಡನ್ ಆರ್ಟ್ಸ್. ಅದು ಯಾರ್ರಿ?”

ಸಾಬರು ಎದೆಯುಬ್ಬಿಸಿ, “ನಾನೇ ಕಣವ್ವಾ” ಎಂದರು.

“ಹಂಗಾದ್ರೆ ನಡೀರಿ” ಎಂದಳು ಉಡಚಮ್ಮ.

“ಎಲ್ಲಿಗೆ?”

“ಗರಡಿಗೆ. ನನ್ನ ಮಗ ಅಲ್ಲೇ ಕುಂತಾನೆ. ನಾಕು ದಿನದಿಂದ ರೊಟ್ಟಿ ಮುಟ್ಟಿಲ್ಲ. ಬರೇ ಉಂಡೆ. ಪೈಲ್ವಾನ್ ಆದ್ನೋ ಇಲ್ವೋ ನೋಡ್ತೀನಿ ಅಂತ ನಿನ್ನೆ ರುಬ್ಬೋ ಗುಂಡು ಎತ್ತಾಕೋಗಿ ಕಾಲ್ಮ್ಯಾಲೆ ಕೆಡವ್ಕಂಡಾನೆ.”

ಗರಡಿಮನೆಯ ಕಟ್ಟೆಯ ಮೇಲೆ ಏಳೆಂಟು ಮಕ್ಕಳು ಉಂಡೆಯ ಕಾಗದ ಹಿಡಿದು ಕೂತಿದ್ದರು. ನಡುವೆ ಉಡಚಮ್ಮನ ಮಗ ದುರುಗಣ್ಣ, ಎಂಟು ವರ್ಷದವನು, ಕಾಲ ಹೆಬ್ಬೆರಳಿಗೆ ಅರಿಶಿನದ ಬಟ್ಟೆ. ಅವರ ಎದುರು ಉಸ್ತಾದ್ ಸಣ್ಣಬೀರಪ್ಪ. ಈಗ ಎಪ್ಪತ್ತರ ಹತ್ತಿರ. ಮೀಸೆ ಬೆಳ್ಳಗಾಗಿದ್ದರೂ ಹುರಿ ಸಡಿಲಾಗಿರಲಿಲ್ಲ. ಎಂದೋ ಕುಸ್ತಿಯಲ್ಲಿ ಪಟ್ಟು ಬಿದ್ದು ಮುದುಡಿದ ಎಡಗಿವಿ ಒಣಗಿದ ಅಂಜೂರದಂತಿತ್ತು.

“ಬಾ ಬುಡಣ್ಣ” ಎಂದರು ಉಸ್ತಾದ್, ದನಿ ಏರಿಸದೆ. “ಈ ಮಕ್ಳು ವಾರದಿಂದ ಕೇಳ್ತಾವೆ, ತಾತ, ನೀನು ದಿನಕ್ಕೆ ಎಷ್ಟು ಭೀಮನುಂಡೆ ತಿಂತೀಯ ಅಂತ. ಏನು ಹೇಳ್ಲಿ?”

“ಉಸ್ತಾದ್, ಅದು ನೀವಲ್ಲ. ಅದು ಭೀಮ.”

“ಭೀಮನ ಎಡಗಿವಿ ಮುರದಿತ್ತೇನು?”

ಸಾಬರು ನೆನಪಿಸಿಕೊಂಡರು. ಕೈ ತನ್ನ ರೂಢಿಯಲ್ಲಿ ಓಡಿತ್ತು. ಹನ್ನೆರಡು ಗೋಡೆಯ ಮೇಲೂ ಭೀಮಸೇನ ಮುದುಡಿದ ಎಡಗಿವಿ ಹೊತ್ತು ನಿಂತಿದ್ದ. ಹರಿಹರದ ಮಕ್ಕಳಿಗೆ ಆ ಕಿವಿ ಒಬ್ಬರದೇ ಗೊತ್ತು.

“ಬಾಯಿ ನೋಡು” ಎಂದು ಉಸ್ತಾದ್ ಬಾಯಿ ತೆರೆದರು. ಮೂರು ಹಲ್ಲು. “ಆ ಉಂಡೆ ಕಡದ್ರೆ ಇವೂ ಹೋಗ್ತಾವೆ. ನನ್ನ ಮೈ ರೊಟ್ಟಿ, ಬ್ಯಾಳಿ, ಹಾಲು, ಸಾಮು ಅಂತ ನಲವತ್ತು ವರ್ಷದಾಗೆ ಕಟ್ಟಿದ್ದು. ಕೇಳಿದೇನೋ ದುರುಗ? ನಾನು ಆ ಉಂಡೆ ತಿಂದಿಲ್ಲ.”

ದುರುಗಣ್ಣ ಉಸ್ತಾದರನ್ನು ನೋಡಿದ, ಸಾಬರನ್ನು ನೋಡಿದ. “ಗೋಡೆ ಮ್ಯಾಲೆ ಬರದೈತಲ್ಲ” ಎಂದ.

“ಬರದ್ರೇನಾತು?” ಎಂದಳು ಉಡಚಮ್ಮ.

“ಬರದಿದ್ದು ಸುಳ್ಳಿರ್ತೈತಾ? ಸಾಲೆಗೆ ಯಾಕ ಕಳಿಸ್ತೀಯ ಮತ್ತೆ?”

ಸಾಬರು ಹುಡುಗನ ಪಕ್ಕ ಕಟ್ಟೆಯ ಮೇಲೆ ಕೂತರು. ಅವರು ಬರೆದ ಅಕ್ಷರವನ್ನು ಊರಲ್ಲಿ ಯಾರೂ ಇಷ್ಟು ಪೂರ್ತಿಯಾಗಿ ನಂಬಿರಲಿಲ್ಲ. ಮೊದಲ ಸಲ ನಂಬಿದವನ ಕಾಲ ಬೆರಳಿಗೆ ಬಟ್ಟೆ ಕಟ್ಟಿತ್ತು.

ಮಧ್ಯಾಹ್ನದ ರೈಲಿಗೇ ದಾವಣಗೆರೆಗೆ ಬಂದ ಸಾಬರು ಮನೆಗೂ ಹೋಗದೆ ಭಟ್ಟಿಗೆ ಹೋದರು. ಕಾದ ಮರಳಿನಲ್ಲಿ ಮಂಡಕ್ಕಿ ಚಟಪಟ ಅರಳುತ್ತಿತ್ತು.

“ಸಾವ್ಕಾರ್ರೆ, ಗೋಡೆ ತಿದ್ದಬೇಕು. ತಿಂಗಳಿಗೆ ಪೈಲ್ವಾನ್ ಅನ್ನೋದು ಬ್ಯಾಡ. ಅದು ಆಗೋ ಮಾತಲ್ಲ.”

ಶಿವಯೋಗಪ್ಪನವರು ನಕ್ಕರು. “ಸಿನಿಮಾದೋರು ಮೊದಲ್ನೇ ದಿನಾನೇ ಭರ್ಜರಿ ನೂರನೇ ದಿನ ಅಂತ ಬರಸ್ತಾರೆ. ನೀವೇ ಬರದೀರಿ. ಆಗ ಎಲ್ಲಿ ಹೋಗಿತ್ರೀ ಈ ಧರ್ಮ?”

“ಅದನ್ನ ಓದೋರು ದೊಡ್ಡೋರು ಸಾವ್ಕಾರ್ರೆ. ಅರ್ಧ ನಂಬ್ತಾರೆ, ಅರ್ಧ ನಗ್ತಾರೆ. ಮಕ್ಳಿಗೆ ಆ ಅರ್ಧ ನಗೋದು ಇನ್ನೂ ಬಂದಿರಲ್ಲ. ನಾವು ಅದ್ರ ಮ್ಯಾಲೇ ವ್ಯಾಪಾರ ಮಾಡಾಕತ್ತೀವಿ.”

“ಭೀಮನಾದ್ರೂ ಇರ್ಲಿ.”

“ಭೀಮ ನಮ್ಮ ಉಸ್ತಾದ್ ಆಗ್ಯಾನೆ. ಅವ್ರು ತಿಂದಿಲ್ಲ, ತಿಂತೀನಂತ ಹೇಳಿಲ್ಲ, ನಾವು ಕೇಳೂ ಇಲ್ಲ. ಮಕ್ಳು ದೇವ್ರಂತ ನಂಬಿದೋರ ಮುಖ ಇಟ್ಟು ಉಂಡೆ ಮಾರಬಾರ್ದು. ಇನ್ನೊಂದು, ಭೋಂಗಾ ನಿಲ್ಲಸ್ತೀನಿ. ಅವ್ವನ ಮ್ಯಾಲೆ ಮಗೂನ ಎತ್ತಿಕಟ್ಟೋದು ನನ್ನದೇ ಅಕಲು. ನನ್ನದೇ ತಪ್ಪು. ಗದೆ ಆಸೆಗೆ ಹತ್ತು ಉಂಡೆ ತಿನ್ನಿಸೋದೂ ಬ್ಯಾಡ.”

“ಬ್ಯಾಡ, ಬ್ಯಾಡ, ಬ್ಯಾಡ. ಮತ್ತೆ ಉಂಡೆ ನಾನೂ ನೀವೂ ಕುಂತು ತಿನ್ನೋಣೇನು?” ಶಿವಯೋಗಪ್ಪನವರು ಮುಖ ಸಿಂಡರಿಸಿ, ಆಮೇಲೆ ದನಿ ಇಳಿಸಿದರು. “ನೋಡ್ರಿ ಬುಡನ್ ಸಾಬ್ರೆ, ನಿಮಗೆ ನಾಚಿಕೆ ಆದ್ರೆ ಕೆಳಗಿನ ನಿಮ್ಮ ಹೆಸರು ಅಳಸ್ಕೊಂಬಿಡ್ರಿ. ಚಿತ್ರ ಹಂಗೇ ಇರ್ಲಿ. ಉಳಿದ ಇಪ್ಪತ್ತೆಂಟು ಗೋಡೇನೂ ನಿಮ್ದೇ. ಇಲ್ಲಾಂದ್ರೆ ರಾಣೆಬೆನ್ನೂರಿಂದ ಕರಸ್ತೀನಿ.”

ಎಂಥ ಸುಲಭದ ದಾರಿ! ಸಾಬರು ರಾತ್ರಿ ಊಟಕ್ಕೆ ಕೂತು ಅದನ್ನೇ ಹೇಳಿದಾಗ ಅಮೀನಾಬೀ ರೊಟ್ಟಿ ಬಡಿಸುತ್ತ, “ಸೊಟ್ಟ ಹುಟ್ಟಿದ್ರೆ ದೊಡ್ಡಕ್ಷರದಾಗೆ ಹಾಕ್ಬೇಕಂತ ಯಾರೋ ಅಂದಿದ್ರು” ಎಂದಳು. ಹೆಂಡಂದಿರ ನೆನಪು ಗೋಡೆಯ ಮೇಲಿನ ಬಣ್ಣಕ್ಕಿಂತ ಗಟ್ಟಿ.

ಮರುದಿನದಿಂದ ಸಾಬರು ಸುಣ್ಣದ ಡಬ್ಬಿ ಹಿಡಿದು ಹೊರಟರು. ಹನ್ನೆರಡು ಗೋಡೆಗೂ ಎರಡೆರಡು ಸಲ ಸುಣ್ಣ ಹೊಡೆದರು. ಭೀಮ ಹೋದ, ತಿಂಗಳ ಪೈಲ್ವಾನ್ ಹೋದ, ಗದೆ ಹೋಯಿತು. ಅಳಿಸದೆ ಬಿಟ್ಟದ್ದು ತಮ್ಮ ಹೆಸರೊಂದನ್ನೇ. ಹೀಗಾಗಿ ದಾವಣಗೆರೆಯಿಂದ ಹರಿಹರದವರೆಗೆ ಹನ್ನೆರಡು ಬೆಳ್ಳನೆಯ ಗೋಡೆಗಳು ‘ಬುಡನ್ ಆರ್ಟ್ಸ್’ ಎಂದಷ್ಟೇ ಹೇಳುತ್ತ ನಿಂತವು. ಸುಣ್ಣದ ಹೊಸ ಕಂಪನಿಯ ಜಾಹೀರಾತೆಂದು ಶಾಮನೂರಿನ ಇಬ್ಬರು ರೈತರು ಸಾಬರ ಅಂಗಡಿಗೆ ಸುಣ್ಣ ಕೊಳ್ಳಲು ಬಂದದ್ದೂ ಆಯಿತು.

ಕೇಳಿದವರಿಗೆಲ್ಲ ಸಾಬರು ಮುಚ್ಚುಮರೆಯಿಲ್ಲದೆ ಹೇಳಿದರು: “ಅಲ್ಲಿ ಮಕ್ಳಿಗೆ ಒಂದು ಸುಳ್ಳು ಬರದಿದ್ದೆ. ಅಳಸೀನಿ.” ದುರುಗಣ್ಣನಿಗೂ ಹೋಗಿ ಅದನ್ನೇ ಹೇಳಿ ಬಂದರು. ಅವನು ಸಾಬರನ್ನು ಮೇಲಿನಿಂದ ಕೆಳಗೆ ನೋಡಿ, “ಹಂಗಾದ್ರೆ ರೊಟ್ಟಿ ತಿಂತೀನಿ” ಎಂದ.

ರಾಣೆಬೆನ್ನೂರಿನ ಪೇಂಟರ್ ಬಂದ. ಬೇರೆ ಭೀಮನನ್ನು ಐದು ಗೋಡೆಗೆ ಬರೆದ, ಕಿವಿ ನೆಟ್ಟಗಿತ್ತು. ಆದರೆ ಅಷ್ಟರಲ್ಲಿ ಹರಿಹರದ ತಾಯಂದಿರು ಎಚ್ಚರವಾಗಿದ್ದರು. ಉಡಚಮ್ಮನ ಸೊಪ್ಪಿನ ಬುಟ್ಟಿ ಯಾವ ಭೋಂಗಾಕ್ಕಿಂತ ಕಡಿಮೆ? ಅಂಗಡಿಗೆ ಬಂದವರೆಲ್ಲ, “ಇದು ಹುಡುಗನ ಬೆರಳು ಮುರದ ಉಂಡೆ ಅಲ್ಲೇನ್ರಿ?” ಎಂದು ಕೇಳತೊಡಗಿದರು. ಉಂಡೆಯ ಪೆಟ್ಟಿಗೆಗಳು ಹೋದಷ್ಟೇ ವೇಗವಾಗಿ ವಾಪಸು ಬಂದವು.

ಎರಡು ತಿಂಗಳ ಮೇಲೆ ಶಿವಯೋಗಪ್ಪನವರು ತಾವೇ ಸಾಬರ ಅಂಗಡಿಯ ಮೆಟ್ಟಿಲು ಹತ್ತಿ ಬಂದರು.

“ಕೂಡ್ರಿ ಸಾವ್ಕಾರ್ರೆ.”

“ಕೂಡಾಕೆ ಬಂದಿಲ್ಲ. ನಿಮ್ಮ ಹೆಸರು ಇದ್ರೆ ಜನ ನಂಬ್ತಾರಂತೆ. ನಿಮಗೆ ಹೆಂಗೆ ಬೇಕೋ ಹಂಗೇ ಬರೀರಿ. ಆದ್ರೆ ಉಂಡೆ ಮಾರಬೇಕು.”

ಸಾಬರು ಹರಿಹರದ ಗೋಡೆಯಿಂದಲೇ ಶುರು ಮಾಡಿದರು. ಸಾಲೆಯ ಎದುರಿನ ಗೋಡೆಯನ್ನು ಮಾತ್ರ ಬಿಳಿಯಾಗಿಯೇ ಬಿಟ್ಟರು. ಆರಿಸಿಕೊಂಡದ್ದು ಸಂತೆಯ ಬೀದಿಯ ಗೋಡೆ. ಏಣಿ ಹಾಕಿ, ನೀಲಿ ಹಚ್ಚಿದ ದಾರ ಮಿಡಿದು ಗೆರೆ ಎಳೆದು, ದೊಡ್ಡವರ ಕಣ್ಣಿನ ಎತ್ತರಕ್ಕೆ ಬರೆದರು:

‘ಮಂಡಕ್ಕಿ, ಬೆಲ್ಲ, ಶೇಂಗಾ. ಊಟದ ಮೇಲೆ ಒಂದು. ರುಚಿಯಾಗಿದೆ. ಮಕ್ಕಳೇ, ಬೇಕಾದರೆ ಮನೆಯಲ್ಲಿ ಕೇಳಿ. ಬೇಡವೆಂದರೆ ಬೇಡ.’

“ಬ್ಯಾಡ ಅನ್ನೋದನ್ನೂ ನನ್ನ ದುಡ್ಡಲ್ಲೇ ಬರಸ್ತೀರಲ್ರೀ” ಎಂದು ಶಿವಯೋಗಪ್ಪನವರು ನಿಟ್ಟುಸಿರಿಟ್ಟರು. ಆದರೆ ಆ ಸಂತೆಯಲ್ಲಿ ಮೊದಲ ಉಂಡೆ ಕೊಂಡವಳು ಉಡಚಮ್ಮ. ಒಂದೇ ಒಂದು ಕೊಂಡಳು, ಮಗನ ಊಟವಾದ ಮೇಲೆ ಕೊಟ್ಟಳು.

ಮೊದಲಿನಂತೆ ಬಾಣಲೆ ಮೇಲೆ ಬಾಣಲೆ ಏರಲಿಲ್ಲ. ನಲವತ್ತು ಗೋಡೆಯ ಬದಲು ಒಂಬತ್ತೇ ಆದವು. ಆದರೂ ಆಮೇಲೆ ಎಷ್ಟೋ ವರ್ಷ ಬುಡನ್ ಸಾಬರು ಹರಿಹರಕ್ಕೆ ಹೋದಾಗಲೆಲ್ಲ ಆ ಗೋಡೆಯ ಮುಂದೆ ಸುಮ್ಮನೆ ನಿಂತು, ಟೋಪಿ ಓರೆ ಮಾಡಿಕೊಂಡು, ಯಾರಾದರೂ ಓದುತ್ತಾರೋ ಎಂದು ಕಾಯುತ್ತಿದ್ದರು. ಯಾರೂ ಓದದಿದ್ದರೆ ತಾವೇ ಗಟ್ಟಿಯಾಗಿ ಓದುತ್ತಿದ್ದರು, ಹೆಸರಿನವರೆಗೂ.

ಅದರಲ್ಲಿ ಭೀಮನಿಲ್ಲ, ಪೈಲ್ವಾನನಿಲ್ಲ, ಬರೀ ಒಂದು ಉಂಡೆಯ ಚಿತ್ರ. ಒಮ್ಮೆ ಉಸ್ತಾದ್ ಸಣ್ಣಬೀರಪ್ಪ ಅದರ ಮುಂದೆ ಬಹಳ ಹೊತ್ತು ನಿಂತು ನೋಡಿದರು.

“ಬುಡಣ್ಣ, ಚೆನ್ನಾಗೈತೆ” ಎಂದರು. “ಆದ್ರೆ ಉಂಡೆಯ ಎಡಗಡೆ ಯಾಕ ಮುದುಡೈತೆ?”